ಹೆಣ್ಣುನಾಯಿಯ ಮೊಲೆಯಲ್ಲಿ ಗಂಟು: ಕಾದು ನೋಡಬಹುದಾ?

ಪ್ರಶ್ನೆ: ನಮ್ಮ ಸಣ್ಣ ಜಾತಿಯ ಹೆಣ್ಣುನಾಯಿಗೆ ಎಂಟು ವರ್ಷ. ಮರಿ ಹಾಕಿಲ್ಲ, ಆಪರೇಷನ್ನೂ ಮಾಡಿಸಿಲ್ಲ. ಮೊನ್ನೆ ಹೊಟ್ಟೆ ಸವರುವಾಗ ಹಿಂದಿನ ಮೊಲೆಯ ಪಕ್ಕ ಬಟಾಣಿಯಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಚೆನ್ನಾಗಿ ತಿನ್ನುತ್ತಾಳೆ, ಓಡಾಡುತ್ತಾಳೆ. ಸ್ವಲ್ಪ ದಿನ ಕಾದು ನೋಡಬಹುದಾ? ಈ ವಯಸ್ಸಿನಲ್ಲಿ ಸ್ಪೇ, ಅಂದರೆ ಅಂಡಾಶಯ, ಗರ್ಭಕೋಶ ತೆಗೆಯುವ ಆಪರೇಷನ್, ಮಾಡಿಸಿದರೆ ಉಪಯೋಗ ಇದೆಯಾ? ಮನೆಯಲ್ಲಿ ಏಳು ತಿಂಗಳ ಲ್ಯಾಬ್ರಡಾರ್ ಹೆಣ್ಣುಮರಿಯೂ ಇದೆ. ಅದಕ್ಕೆ ಯಾವಾಗ ಮಾಡಿಸಬೇಕು?

ಉತ್ತರ: ಕಾಯಬೇಡಿ. ಈ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ನಿಮ್ಮನ್ನು ಹೆದರಿಸಲು ಹೀಗೆ ಹೇಳುತ್ತಿಲ್ಲ. ಗಂಟು ಇನ್ನೂ ಬಟಾಣಿಯಷ್ಟಿದೆ ಅನ್ನುವುದೇ ನಿಮಗಿರುವ ದೊಡ್ಡ ಅನುಕೂಲ. ಅದು ಕೈಜಾರಬಾರದು.

ನಾಯಿಗಳ ಮೊಲೆಯಲ್ಲಿ ಬೆಳೆಯುವ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಸಾಧು, ಅಂದರೆ ಅಪಾಯವಿಲ್ಲದವು, ಇನ್ನರ್ಧ ಕ್ಯಾನ್ಸರ್. ಯಾವುದು ಯಾವುದು ಎಂದು ಮುಟ್ಟಿ ಹೇಳಲು ಯಾರಿಗೂ ಆಗುವುದಿಲ್ಲ, ಇಷ್ಟು ವರ್ಷ ಈ ಕೆಲಸ ಮಾಡಿದ ನನಗೂ ಆಗುವುದಿಲ್ಲ. ಆದರೆ ಗಾತ್ರ ಒಂದು ಸುಳಿವು ಕೊಡುತ್ತದೆ. ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಗಂಟುಗಳಲ್ಲಿ ಹೆಚ್ಚಿನವು ಸಾಧು. ಗಂಟು ದೊಡ್ಡದಾದಷ್ಟೂ ಕ್ಯಾನ್ಸರ್ ಆಗಿರುವ ಸಾಧ್ಯತೆ ಜಾಸ್ತಿ. ಒಂದೇ ನಾಯಿಯಲ್ಲಿ ಹಲವು ಗಂಟುಗಳಿದ್ದಾಗ ಚಿಕ್ಕವು ಸಾಧುವಾಗಿದ್ದು, ದೊಡ್ಡದು ಮಾತ್ರ ಕ್ಯಾನ್ಸರ್ ಆಗಿರುವುದು ಎಷ್ಟೋ ಸಲ ಕಾಣುತ್ತದೆ. ಸಾಧು ಗಂಟೇ ಕಾಲ ಕಳೆದಂತೆ ಕೆಟ್ಟದ್ದಾಗಿ ಬದಲಾಗಬಹುದು ಎಂದು ನಾವು ಭಾವಿಸಲು ಇದೂ ಒಂದು ಕಾರಣ. ಕ್ಯಾನ್ಸರ್ ಆಗಿದ್ದರೂ ಮೂರು ಸೆಂಟಿಮೀಟರ್ ಒಳಗೆ ತೆಗೆದ ನಾಯಿಗಳು, ಅದಕ್ಕಿಂತ ದೊಡ್ಡದಾದ ಮೇಲೆ ತೆಗೆಸಿಕೊಂಡ ನಾಯಿಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ನೋವಿಲ್ಲ, ಊಟ ಸರಿಯಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಚಿಕ್ಕ ಗಂಟು ಸಾಧುವಾಗಿರಲಿ, ಕ್ಯಾನ್ಸರ್ ಆಗಿರಲಿ, ನೋಯುವುದು ಅಪರೂಪ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಬ್ಬರಿಗೆ "ಸದ್ಯಕ್ಕೆ ನೋಡೋಣ, ದೊಡ್ಡದಾದರೆ ಬನ್ನಿ" ಎಂದು ಹೇಳಿ ಕಳಿಸಿದ್ದೆ. ಗಂಟನ್ನು ಅಳೆದಿರಲಿಲ್ಲ, ಬರೆದಿಟ್ಟಿರಲಿಲ್ಲ. ದಿನಾ ನೋಡುವವರ ಕಣ್ಣಿಗೆ ಬೆಳವಣಿಗೆ ಕಾಣುವುದಿಲ್ಲ. ಅವರು ಒಂದು ವರ್ಷದ ಮೇಲೆ ಬಂದಾಗ ಗಂಟು ಆರು ಸೆಂಟಿಮೀಟರ್ ಆಗಿತ್ತು, ಶ್ವಾಸಕೋಶಕ್ಕೂ ಹರಡಿತ್ತು. ಅವತ್ತಿನಿಂದ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ.

ಈಗ, ನೀವು ಮನೆಯಲ್ಲಿ ಮಾಡಬೇಕಾದ್ದು. ಒಂದು ಗಂಟು ಸಿಕ್ಕಿದೆ ಎಂದರೆ ಅದೊಂದೇ ಇದೆ ಎಂದು ಅರ್ಥವಲ್ಲ. ಇಂಥ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಒಂದಕ್ಕಿಂತ ಜಾಸ್ತಿ ಗಂಟುಗಳಿರುತ್ತವೆ. ಹಾಗಾಗಿ ವೈದ್ಯರ ಹತ್ತಿರ ಹೋಗುವ ಮೊದಲು ಒಮ್ಮೆ ಪೂರ್ತಿ ಹುಡುಕಿ.

ಸಾಮಾನ್ಯವಾಗಿ ನಾಯಿಗೆ ಐದು ಜೊತೆ ಮೊಲೆಗಳು. ಮುಂಗಾಲುಗಳ ನಡುವೆ, ಎದೆಯ ಮೇಲಿನಿಂದ ಶುರುವಾಗಿ ತೊಡೆಸಂದಿಯವರೆಗೆ ಎರಡು ಸಾಲು. ಕೆಲವು ನಾಯಿಗಳಿಗೆ ಒಂಬತ್ತೋ ಎಂಟೋ ತೊಟ್ಟು ಇರಬಹುದು, ಚಿಂತೆಯಿಲ್ಲ. ಹಿಂದಿನ ಎರಡು ಜೊತೆಗಳಲ್ಲಿ, ಅಂದರೆ ನಾಲ್ಕನೆಯದು ಮತ್ತು ಐದನೆಯದರಲ್ಲಿ, ಹಾಲಿನ ಗ್ರಂಥಿ ಜಾಸ್ತಿ ಇರುತ್ತದೆ. ಹೆಚ್ಚಿನ ಗೆಡ್ಡೆಗಳು ಹುಟ್ಟುವುದೂ ಅಲ್ಲೇ. ಜನರ ಕೈ ಕಡಿಮೆ ಹೋಗುವುದೂ ಅಲ್ಲೇ, ಏಕೆಂದರೆ ಐದನೆಯ ಮೊಲೆ ತೊಡೆಸಂದಿಯ ಕೊಬ್ಬಿನೊಳಗೆ ಅಡಗಿರುತ್ತದೆ.

ಅವಳು ಆರಾಮಾಗಿರುವ ಹೊತ್ತು ನೋಡಿ ಒಂದು ಪಕ್ಕಕ್ಕೆ ಮಲಗಿಸಿ. ಮೇಲಿನ ಹಿಂಗಾಲನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಒಂದು ಕಡೆಯ ಸಾಲನ್ನು ಪೂರ್ತಿ ಮುಗಿಸಿ, ಆಮೇಲೆ ಮಗ್ಗುಲು ಬದಲಿಸಿ. ಮೊದಲು ಬೆರಳುಗಳ ಮೆತ್ತನೆಯ ಭಾಗದಿಂದ ಹಗುರವಾಗಿ ಸವರುತ್ತಾ ಎದೆಯಿಂದ ಹಿಂದಕ್ಕೆ ಬನ್ನಿ. ಇಷ್ಟಕ್ಕೇ ನಿಲ್ಲಿಸಿದರೆ ಸಣ್ಣ ಗಂಟು ತಪ್ಪಿಹೋಗುತ್ತದೆ, ಯಾಕೆಂದರೆ ಒತ್ತಿದಾಗ ಅದು ಬೆರಳಿನ ಕೆಳಗಿನಿಂದ ಪಕ್ಕಕ್ಕೆ ಜಾರುತ್ತದೆ. ಎರಡನೇ ಸುತ್ತಿನಲ್ಲಿ ಪ್ರತಿ ಮೊಲೆಯ ಚರ್ಮವನ್ನೂ ಅದರ ಕೆಳಗಿನ ಮಾಂಸವನ್ನೂ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲಗೆ ಎತ್ತಿ, ಎರಡು ಬೆರಳ ನಡುವೆ ಹೊರಳಿಸಿ. ಸಾಮಾನ್ಯ ಗ್ರಂಥಿ ಮೆತ್ತಗೆ, ಒಂದೇ ಸಮನಾಗಿ ಇರುತ್ತದೆ. ಗಂಟಾದರೆ ಮಣ್ಣಿನಲ್ಲಿ ಸಿಕ್ಕಿದ ಕಲ್ಲುಚೂರಿನ ಹಾಗೆ ಬೇರೆಯಾಗಿ ಸಿಗುತ್ತದೆ. ತೊಟ್ಟಿನ ಕೆಳಗೂ ನೋಡಿ, ಎರಡು ಮೊಲೆಗಳ ನಡುವಿನ ಜಾಗವನ್ನೂ ಬಿಡಬೇಡಿ. ಕೊನೆಗೆ ತೊಟ್ಟನ್ನು ಹಗುರವಾಗಿ ಒತ್ತಿ ಏನಾದರೂ ಬರುತ್ತದೆಯೇ ನೋಡಿ. ರಕ್ತ ಅಥವಾ ಕಂದು ಬಣ್ಣದ ನೀರು ಬಂದರೆ ಬರೆದಿಟ್ಟುಕೊಳ್ಳಿ.

ಗಂಟು ಅಲ್ಲದ್ದನ್ನು ಗಂಟು ಎಂದು ತಿಳಿಯುವುದೂ ಉಂಟು. ಎದೆಗೂಡಿನ ಮಧ್ಯೆ, ಹಿಂಬದಿಯ ತುದಿಯಲ್ಲಿ ಒಂದು ಮೆದುಮೂಳೆ ಇರುತ್ತದೆ, ಅದು ಎಲ್ಲ ನಾಯಿಗೂ ಇದ್ದೇ ಇರುತ್ತದೆ. ಹೊಕ್ಕುಳಲ್ಲಿ ಮೆತ್ತಗಿನ ಉಬ್ಬು ಇದ್ದು, ಒತ್ತಿದರೆ ಒಳಗೆ ಹೋದರೆ ಅದು ಹರ್ನಿಯಾ. ತೊಡೆಸಂದಿಯಲ್ಲಿ ಇಂಥ ಉಬ್ಬು ಇದ್ದರೆ ಮಾತ್ರ ಸುಮ್ಮನೆ ಬಿಡಬೇಡಿ. ಅಲ್ಲಿನ ಹರ್ನಿಯಾದೊಳಗೆ ಗರ್ಭಕೋಶವೋ ಮೂತ್ರಕೋಶವೋ ಇಳಿದಿರಬಹುದು, ಅದನ್ನೂ ವೈದ್ಯರೇ ನೋಡಬೇಕು.

ಯಾವಾಗ ಹುಡುಕಬೇಕು ಅನ್ನುವುದೂ ಮುಖ್ಯ. ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು, ಗಂಡುನಾಯಿ ಜೊತೆ ಸೇರದಿದ್ದರೂ, ಹೆಣ್ಣುನಾಯಿಯ ಮೈಯಲ್ಲಿ ಪ್ರೊಜೆಸ್ಟರೋನ್ ಹಾರ್ಮೋನು ಬಸುರಿಯಲ್ಲಿದ್ದಷ್ಟೇ ಇರುತ್ತದೆ. ಆಗ ಮೊಲೆಗಳು ಊದುತ್ತವೆ. ಕೆಲವರಿಗೆ ಸುಳ್ಳು ಬಸಿರಾಗಿ ಹಾಲೂ ಬರುತ್ತದೆ. ಆ ಹೊತ್ತಿನಲ್ಲಿ ಗ್ರಂಥಿಯೇ ಗಂಟುಗಂಟಾಗಿ ಸಿಗುವುದರಿಂದ ಸಣ್ಣ ಗೆಡ್ಡೆ ಅದರಲ್ಲಿ ಮುಚ್ಚಿಹೋಗಬಹುದು. ಬೆದೆಯಾಗಿ ಮೂರು ನಾಲ್ಕು ತಿಂಗಳಾದ ಮೇಲೆ ಎಲ್ಲ ಇಳಿದು ಮೆತ್ತಗಾಗಿರುತ್ತದೆ. ಅಷ್ಟಾದರೂ ಇಳಿಯದೆ ಉಳಿದ ಗಂಟನ್ನು ನಂಬಬೇಡಿ. ನಿಮ್ಮ ನಾಯಿ ಈಗಷ್ಟೇ ಬೆದೆಗೆ ಬಂದಿದ್ದರೂ ತೋರಿಸುವುದನ್ನು ಮುಂದೂಡಬೇಡಿ, ಬೆದೆಯ ತಾರೀಖನ್ನು ವೈದ್ಯರಿಗೆ ಹೇಳಿದರೆ ಸಾಕು.

ಸಿಕ್ಕಿದ್ದನ್ನು ಬರೆದಿಡಿ. ಒಂದು ಹಾಳೆಯಲ್ಲಿ ಎರಡು ಸಾಲು, ಸಾಲಿಗೆ ಐದು ಚುಕ್ಕೆ ಹಾಕಿ. "ಎಡ 4, ಹೊರಬದಿ, 7 ಮಿಲಿಮೀಟರ್, ಗಟ್ಟಿ, ಚರ್ಮದ ಜೊತೆ ಅಲುಗಾಡುತ್ತದೆ" ಎಂದು ಬರೆದು ತಾರೀಖು ಹಾಕಿ. ಗಂಟನ್ನು ಎರಡು ಬೆರಳಲ್ಲಿ ಹಿಡಿದು ಸ್ಕೇಲು ಇಟ್ಟು ಅಳೆಯಿರಿ. ತಿಂಗಳಿಗೊಮ್ಮೆ ಇಷ್ಟು ಮಾಡಿದರೆ ಸಾಕು. ಪದೇ ಪದೇ ಹಿಸುಕಬೇಡಿ.

ಒಂದು ಸ್ಥಿತಿ ಮಾತ್ರ ಇದೆಲ್ಲಕ್ಕಿಂತ ಬೇರೆ. ಗಂಟಿನ ಬದಲು ಇಡೀ ಮೊಲೆಯೇ, ಕೆಲವೊಮ್ಮೆ ಒಂದು ಕಡೆಯ ಸಾಲೇ, ಕೆಂಪಾಗಿ ಬಿಸಿಯಾಗಿ ದಪ್ಪಗಾಗಿ, ಮುಟ್ಟಿದರೆ ನಾಯಿ ಕಿರುಚಿದರೆ, ಆ ಕಡೆಯ ಹಿಂಗಾಲು ಊದಿದರೆ, ಅವತ್ತೇ ಕರೆದುಕೊಂಡು ಹೋಗಿ. ನೋಡಲು ಕೆಚ್ಚಲುಬಾವಿನ ಹಾಗೆಯೇ ಇರುತ್ತದೆ. ಆದರೆ ಹಾಲೂಡದ, ಸುಳ್ಳು ಬಸಿರೂ ಇಲ್ಲದ ವಯಸ್ಸಾದ ನಾಯಿಯಲ್ಲಿ ಇದು ಉರಿಯೂತದ ಕ್ಯಾನ್ಸರ್ ಆಗಿರಬಹುದು. ಬಹಳ ಬೇಗ ಹರಡುವ ಜಾತಿ ಅದು. ಕತ್ತರಿಸಿ ತೆಗೆಯುವುದರಿಂದ ಅದಕ್ಕೆ ಪ್ರಯೋಜನವಾಗುವುದಿಲ್ಲ. ಆಂಟಿಬಯೋಟಿಕ್ ಕೊಟ್ಟು ಕೆಲವು ದಿನದಲ್ಲಿ ಇಳಿಯದಿದ್ದರೆ ಕೂಡಲೇ ಬಯಾಪ್ಸಿ ಕೇಳಿ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನಾನೇ ನೋಡಿದ ಒಂದು ನಾಯಿಯ ಕಥೆಯಿಂದ ಹೇಳುತ್ತೇನೆ, ನಿಮ್ಮದಕ್ಕೆ ತುಂಬಾ ಹತ್ತಿರ ಇದೆ. ಒಂಬತ್ತು ವರ್ಷದ ಸಣ್ಣ ಮಿಶ್ರ ತಳಿ, ಸ್ಪೇ ಆಗಿಲ್ಲ. ಎಡಗಡೆಯ ನಾಲ್ಕನೆಯ ಮೊಲೆಯಲ್ಲಿ 7 ಮಿಲಿಮೀಟರ್ ಗಂಟು ಮನೆಯವರಿಗೆ ಸಿಕ್ಕಿತ್ತು. ಹತ್ತು ದಿನದೊಳಗೆ ಬಂದರು. ಪೂರ್ತಿ ತಡಕಿದಾಗ ಇನ್ನೂ ಎರಡು ಸಿಕ್ಕವು. ಎಡ ಐದರಲ್ಲಿ 3 ಮಿಲಿಮೀಟರ್‌ನ ಒಂದು ಚಿಕ್ಕ ಕಾಳು. ಬಲ ಐದರಲ್ಲಿ, ತೊಡೆಸಂದಿಯ ಕೊಬ್ಬಿನೊಳಗೆ, 18 ಮಿಲಿಮೀಟರ್‌ನದು.

ದೊಡ್ಡದಕ್ಕೆ ಸೂಜಿ ಹಾಕಿ ಕೋಶಗಳನ್ನು ತೆಗೆದು ನೋಡಿದೆವು. ಇಲ್ಲೊಂದು ಮಾತು ಗೊತ್ತಿರಲಿ. ಸೂಜಿ ಪರೀಕ್ಷೆಯಿಂದ ಇದು ಬರೀ ಕೊಬ್ಬಿನ ಗಂಟೋ, ಚರ್ಮದ ಬೇರೆ ಗೆಡ್ಡೆಯೋ ಅನ್ನುವುದು ತಿಳಿಯುತ್ತದೆ. ಮೊಲೆಯ ಗೆಡ್ಡೆ ಸಾಧುವೋ ಕ್ಯಾನ್ಸರೋ ಅನ್ನುವುದನ್ನು ಅದು ಖಚಿತವಾಗಿ ಹೇಳಲಾರದು, ಯಾಕೆಂದರೆ ಒಂದೇ ಗೆಡ್ಡೆಯ ಒಂದು ಮೂಲೆ ಸಾಧುವಾಗಿದ್ದು ಇನ್ನೊಂದು ಮೂಲೆ ಕೆಟ್ಟಿರಬಹುದು. ಆಮೇಲೆ ಎದೆಯ ಎಕ್ಸ್‌ರೇ ಮೂರು ಭಂಗಿಯಲ್ಲಿ ತೆಗೆದೆವು, ಬಲ ಮಗ್ಗುಲು, ಎಡ ಮಗ್ಗುಲು ಮತ್ತು ಬೆನ್ನ ಮೇಲೆ. ಒಂದೇ ಭಂಗಿಯಲ್ಲಿ ತೆಗೆದರೆ ಶ್ವಾಸಕೋಶದ ಕೆಳಬದಿಯಲ್ಲಿರುವ ಚಿಕ್ಕ ಗಂಟು ಕಾಣದೆ ಹೋಗುತ್ತದೆ. ಎಕ್ಸ್‌ರೇ ಸ್ವಚ್ಛವಾಗಿತ್ತು. ರಕ್ತಪರೀಕ್ಷೆ, ಹೃದಯ ಎಲ್ಲ ಅರಿವಳಿಕೆಗೆ ಸರಿಯಾಗಿದ್ದವು.

ಎಡಗಡೆಯ ನಾಲ್ಕು ಮತ್ತು ಐದನ್ನು ಒಟ್ಟಿಗೆ ತೆಗೆದೆವು. ಅವೆರಡೂ ಅಕ್ಕಪಕ್ಕ, ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಬಲಗಡೆಯ ಐದನ್ನು ತೊಡೆಸಂದಿಯ ಲಿಂಫ್ ಗ್ರಂಥಿಯ ಜೊತೆಗೇ ತೆಗೆದೆವು. ಎರಡೂ ಕಡೆಯ ಇಡೀ ಸಾಲನ್ನು ತೆಗೆಯಲಿಲ್ಲ. ನಾಯಿಯಲ್ಲಿ ಗೆಡ್ಡೆ ಸುತ್ತಲಿನ ಒಳ್ಳೆ ಅಂಗಾಂಶದೊಂದಿಗೆ ಪೂರ್ತಿ ಹೊರಬರುವುದು ಮುಖ್ಯ. ಅಷ್ಟು ಸಿಕ್ಕರೆ, ಅದಕ್ಕಿಂತ ದೊಡ್ಡದಾಗಿ ಕತ್ತರಿಸುವುದರಿಂದ ಆಯುಸ್ಸು ಹೆಚ್ಚುತ್ತದೆ ಎಂದು ಕಂಡಿಲ್ಲ. ಅದೇ ಅರಿವಳಿಕೆಯಲ್ಲಿ ಸ್ಪೇ ಕೂಡ ಮಾಡಿದೆವು, ಆದರೆ ಗಂಟು ಮುಟ್ಟುವ ಮೊದಲು. ಗೆಡ್ಡೆಯ ಕೋಶಗಳು ಹೊಟ್ಟೆಯೊಳಗೆ ಹೋಗಬಾರದು ಎಂದು ಈ ಕ್ರಮ.

ತೆಗೆದ ಪ್ರತಿ ಗಂಟನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಪ್ರಯೋಗಾಲಯಕ್ಕೆ ಕಳಿಸಿದೆವು. ಬಂದ ವರದಿ ನನಗೆ ಇವತ್ತಿಗೂ ನೆನಪಿದೆ. ಮನೆಯವರಿಗೆ ಸಿಕ್ಕಿದ್ದ 7 ಮಿಲಿಮೀಟರ್ ಗಂಟು ಸಾಧು. 3 ಮಿಲಿಮೀಟರ್‌ನದೂ ಸಾಧು. ಯಾರ ಕೈಗೂ ಸಿಗದೆ ತೊಡೆಸಂದಿಯಲ್ಲಿ ಅಡಗಿದ್ದ 18 ಮಿಲಿಮೀಟರ್‌ನದು ಕ್ಯಾನ್ಸರ್, ಮೊದಲ ದರ್ಜೆಯದು, ಅಂದರೆ ಕಡಿಮೆ ಉಗ್ರವಾದದ್ದು. ಅಂಚುಗಳಲ್ಲಿ ಕ್ಯಾನ್ಸರ್ ಇರಲಿಲ್ಲ, ಲಿಂಫ್ ಗ್ರಂಥಿಗೂ ಹೋಗಿರಲಿಲ್ಲ. ಬೇರೆ ಔಷಧಿ ಏನೂ ಬೇಕಾಗಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಿದರು. ಎರಡು ವರ್ಷದ ಮೇಲೆ 4 ಮಿಲಿಮೀಟರ್‌ನ ಇನ್ನೊಂದು ಹುಟ್ಟಿತು, ತೆಗೆದೆವು, ಅದೂ ಸಾಧು. ನಿಮ್ಮ ಬಟಾಣಿ ಗಂಟು ಕೂಡ ಸಾಧುವೇ ಇರಬಹುದು. ಆದರೆ ಅದರ ನೆಪದಲ್ಲಿ ಉಳಿದ ಒಂಬತ್ತು ಮೊಲೆಗಳನ್ನೂ ಒಬ್ಬರು ಸರಿಯಾಗಿ ಮುಟ್ಟಿ ನೋಡುತ್ತಾರೆ, ಅಲ್ವಾ?

ಇನ್ನು ಸ್ಪೇ ಮತ್ತು ವಯಸ್ಸಿನ ವಿಷಯ. ಪ್ರತಿ ಬೆದೆಯಲ್ಲೂ ಅಂಡಾಶಯದಿಂದ ಬರುವ ಈಸ್ಟ್ರೋಜೆನ್, ಪ್ರೊಜೆಸ್ಟರೋನ್ ಹಾರ್ಮೋನುಗಳು ಮೊಲೆಯ ಕೋಶಗಳನ್ನು ಬೆಳೆಯಲು ಹಚ್ಚುತ್ತವೆ. ಪ್ರೊಜೆಸ್ಟರೋನ್ ಪ್ರಭಾವದಲ್ಲಿ ನಾಯಿಯ ಮೊಲೆಯೇ ಬೆಳವಣಿಗೆಯ ಹಾರ್ಮೋನನ್ನೂ ತಯಾರಿಸಿಕೊಳ್ಳುತ್ತದೆ. ಬೆದೆ ಬೆದೆಗೂ ಕೋಶಗಳು ಹೀಗೆ ಮತ್ತೆ ಮತ್ತೆ ಒಡೆದು ಬೆಳೆಯುವಾಗ ತಪ್ಪುಗಳು ಕೂಡಿಕೊಳ್ಳುತ್ತವೆ. ಫಲ ಕಾಣಿಸಿಕೊಳ್ಳುವುದು ವರ್ಷಗಟ್ಟಲೆ ಆದ ಮೇಲೆ, ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷದ ಆಸುಪಾಸಿನಲ್ಲಿ.

1969ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಮೂರು ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಮೊದಲ ಬೆದೆಗೆ ಮೊದಲೇ ಸ್ಪೇ ಮಾಡಿದರೆ 0.5 ಶೇಕಡಾ, ಒಂದು ಬೆದೆ ಆದ ಮೇಲೆ 8 ಶೇಕಡಾ, ಎರಡು ಅಥವಾ ಹೆಚ್ಚು ಬೆದೆ ಆದ ಮೇಲೆ 26 ಶೇಕಡಾ. ಇದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಒಂದು ಬೆದೆ ಆಗಿಬಿಟ್ಟರೆ ನೂರರಲ್ಲಿ ಎಂಟು ನಾಯಿಗಳಿಗೆ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಸ್ಪೇ ಮಾಡದ ನಾಯಿಗಿರುವ ಅಪಾಯವನ್ನು ನೂರು ಎಂದುಕೊಂಡರೆ, ಅದರಲ್ಲಿ ಉಳಿಯುವುದು ಎಂಟು ಪಾಲು ಎಂದರ್ಥ. ಲೆಕ್ಕ ಹಾಕಿ ನೋಡೋಣ. ಸ್ಪೇ ಮಾಡುವ ರೂಢಿ ಕಡಿಮೆ ಇದ್ದ ಸ್ವೀಡನ್ ದೇಶದ ವಿಮಾ ದಾಖಲೆಗಳಲ್ಲಿ, ಹತ್ತು ವರ್ಷ ತುಂಬುವಷ್ಟರಲ್ಲಿ ನೂರು ಹೆಣ್ಣುನಾಯಿಗಳಲ್ಲಿ ಸುಮಾರು 13ಕ್ಕೆ ಮೊಲೆಯ ಗೆಡ್ಡೆ ಬಂದಿತ್ತು. ಆ 13ನ್ನೇ ಹಿಡಿದರೆ, ಒಂದು ಬೆದೆಯ ನಂತರ ಸ್ಪೇ ಆದವುಗಳಲ್ಲಿ ನೂರಕ್ಕೆ ಸುಮಾರು ಒಂದು, ಎರಡು ಬೆದೆ ಆದವುಗಳಲ್ಲಿ ಮೂರು ಅಥವಾ ನಾಲ್ಕು. ಮೊದಲ ಬೆದೆಗೆ ಮುಂಚೆ ಮಾಡಿದರೆ ಹೆಚ್ಚುಕಡಿಮೆ ಸೊನ್ನೆ. ಸೊನ್ನೆಗೂ ಒಂದಕ್ಕೂ ಇರುವ ಅಂತರ ಸಣ್ಣದು ಅನ್ನುವುದನ್ನು ಗಮನಿಸಿ, ನಿಮ್ಮ ಲ್ಯಾಬ್ ಮರಿಯ ವಿಷಯದಲ್ಲಿ ಇದೇ ಕೆಲಸಕ್ಕೆ ಬರುತ್ತದೆ.

ಆ ಅಂಕಿಗಳೂ ಕಲ್ಲಲ್ಲಿ ಕೆತ್ತಿದವಲ್ಲ. ಆ ಅಧ್ಯಯನದಲ್ಲಿ ಇದ್ದದ್ದು ಕಡಿಮೆ ನಾಯಿಗಳು. 2012ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂಥ ಎಲ್ಲ ಅಧ್ಯಯನಗಳನ್ನೂ ಜರಡಿ ಹಿಡಿದು, ಸ್ಪೇ ರಕ್ಷಣೆ ಕೊಡುತ್ತದೆ ಅನ್ನಲು ಇರುವ ಪುರಾವೆ ದುರ್ಬಲ, ಅದರ ಮೇಲೆ ಗಟ್ಟಿ ಶಿಫಾರಸು ಕಟ್ಟಲಾಗದು ಎಂದರು. ನನ್ನ ಅಭಿಪ್ರಾಯ ಹೀಗಿದೆ. ಚಿಕ್ಕ ವಯಸ್ಸಿನ ಸ್ಪೇ ಅಪಾಯ ಕಡಿಮೆ ಮಾಡುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಹಾರ್ಮೋನಿನ ಕೆಲಸವೂ ಅದನ್ನೇ ಹೇಳುತ್ತದೆ. ಎಷ್ಟು ಕಡಿಮೆ ಅನ್ನುವ ಅಂಕಿಯನ್ನು ಮಾತ್ರ ಪಾಯಿಂಟ್ ಲೆಕ್ಕದಲ್ಲಿ ನಂಬಬಾರದು.

ನಿಮ್ಮ ಎಂಟು ವರ್ಷದವಳಿಗೆ ಈಗ ಸ್ಪೇ ಮಾಡಿಸಿದರೆ ಆಗಲೇ ಆಗಿಹೋದ ಬೆದೆಗಳ ಪರಿಣಾಮ ಅಳಿಸಿಹೋಗುವುದಿಲ್ಲ. ಸುಮಾರು ಎರಡೂವರೆ ವರ್ಷ ದಾಟಿದ ಮೇಲೆ ಕ್ಯಾನ್ಸರ್ ತಡೆಯುವ ಲಾಭ ಅಷ್ಟಾಗಿ ಕಂಡಿಲ್ಲ. ಆದರೂ ಗಂಟು ತೆಗೆಯುವಾಗಲೇ ಸ್ಪೇ ಮಾಡಿಸಿ ಎಂದು ಹೇಳುತ್ತೇನೆ. ಸಾಧು ಗಂಟು ತೆಗೆಸಿಕೊಂಡ ನಾಯಿಗಳನ್ನು ಹೋಲಿಸಿ ನೋಡಿದ ಒಂದು ಅಧ್ಯಯನದಲ್ಲಿ, ಜೊತೆಗೆ ಸ್ಪೇ ಆದವುಗಳಲ್ಲಿ ಹೊಸ ಗಂಟು ಹುಟ್ಟುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಇನ್ನೊಂದು ಕಾರಣ ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ. ವಯಸ್ಸಾದ, ಸ್ಪೇ ಆಗದ ಹೆಣ್ಣುನಾಯಿಗಳಲ್ಲಿ ಇದು ಸಾಮಾನ್ಯ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಬರುತ್ತದೆ, ಜೀವಕ್ಕೇ ಅಪಾಯ. ಸ್ಪೇ ಆದರೆ ಆ ಭಯ ಬಹುಮಟ್ಟಿಗೆ ಮುಗಿಯುತ್ತದೆ.

ಲ್ಯಾಬ್ ಮರಿಗೆ ಬಂದರೆ, ಅದು ಸಣ್ಣ ಜಾತಿಯದಾಗಿದ್ದರೆ ಮೊದಲ ಬೆದೆಗೆ ಮುಂಚೆಯೇ ಮಾಡಿಸಿ ಎನ್ನುತ್ತಿದ್ದೆ. ದೊಡ್ಡ ಜಾತಿಯಲ್ಲಿ ಇನ್ನೊಂದು ತೂಕವೂ ಇದೆ. ಲ್ಯಾಬ್ರಡಾರ್‌ಗಳನ್ನು ಒಂದು ವರ್ಷದೊಳಗೆ ಸ್ಪೇ ಮಾಡಿದಾಗ ಮುಂದೆ ಕೀಲಿನ ತೊಂದರೆಗಳು ಹೆಚ್ಚಾಗಿ ಕಂಡಿವೆ, ಬೆಳೆಯುವ ಮೂಳೆಗೆ ಅಂಡಾಶಯದ ಹಾರ್ಮೋನು ಬೇಕು. ತೀರಾ ಬೇಗ ಸ್ಪೇ ಆದ ದೊಡ್ಡ ನಾಯಿಗಳಲ್ಲಿ ಮೂತ್ರ ತೊಟ್ಟಿಕ್ಕುವ ತೊಂದರೆಯೂ ಇದೆ. ಹಾಗಾಗಿ ನಿಮ್ಮ ಮರಿಗೆ ಒಂದು ಬೆದೆ ಆಗಲು ಬಿಡಿ. ಅದು ಸಾಮಾನ್ಯವಾಗಿ ಒಂಬತ್ತರಿಂದ ಹದಿನಾಲ್ಕು ತಿಂಗಳ ಒಳಗೆ ಬರುತ್ತದೆ. ಬೆದೆಯ ಮೂರು ವಾರ ಗಂಡುನಾಯಿ ಹತ್ತಿರ ಬಾರದಂತೆ ನೋಡಿಕೊಳ್ಳಿ. ಬೆದೆ ಶುರುವಾಗಿ ಮೂರು ತಿಂಗಳಾದ ಮೇಲೆ, ಮೊಲೆಗಳು ಪೂರ್ತಿ ಇಳಿದು ಹಾಲಿಲ್ಲ ಎಂದು ಖಾತ್ರಿಯಾದಾಗ ಮಾಡಿಸಿ. ಹಾಲಿರುವಾಗ ಮಾಡಿಸಿದರೆ ಸುಳ್ಳು ಬಸಿರು ತಿಂಗಳುಗಟ್ಟಲೆ ಎಳೆಯಬಹುದು. ಎರಡನೆಯ ಬೆದೆ ಬರುವವರೆಗೆ ಮಾತ್ರ ತಳ್ಳಬೇಡಿ.

ಬೆದೆ ನಿಲ್ಲಿಸುವ ಹಾರ್ಮೋನ್ ಇಂಜೆಕ್ಷನ್ ಯಾರಾದರೂ ಹೇಳಿದರೆ ಬೇಡ ಎನ್ನಿ. ಅದರಲ್ಲಿರುವುದು ಪ್ರೊಜೆಸ್ಟರೋನ್ ಥರದ್ದೇ ಔಷಧಿ. ಮೊಲೆಯ ಗಂಟು, ಪಯೋಮೆಟ್ರಾ ಎರಡಕ್ಕೂ ಅದು ದಾರಿ ಮಾಡಿಕೊಡುತ್ತದೆ. ದೊಡ್ಡವಳಿಗೆ ಹಿಂದೆ ಎಂದಾದರೂ ಅಂಥ ಇಂಜೆಕ್ಷನ್ ಹಾಕಿಸಿದ್ದರೆ, ಈ ವಾರ ಹೋದಾಗ ವೈದ್ಯರಿಗೆ ಅದನ್ನೂ ಹೇಳಿ.